ಫೋಟೋದಲ್ಲಿ ಕಾಣೋದಷ್ಟೇ ಬರೆದ್ರೆ ಮರಿ ಮಾರಾಟ ಆಗುತ್ತಾ?

ಪ್ರಶ್ನೆ: ಡಾಕ್ಟ್ರೇ ನಮಸ್ಕಾರ. ನಮ್ಮದು ಮೂಡಿಗೆರೆ ಹತ್ರ ತೋಟದ ಮನೆ. ನಮ್ಮ ಫಾನ್ ಕಲರ್ ಲ್ಯಾಬ್ 5 ಮರಿ ಹಾಕಿದೆ, ಇವತ್ತಿಗೆ 40 ದಿನ. ಚಿಕ್ಕಮಗಳೂರಲ್ಲಿ ಪರಿಚಯದವರ ಫಾನ್ ಲ್ಯಾಬ್ ಜೊತೆ ಮೇಟಿಂಗ್ ಮಾಡಿಸಿದ್ವಿ. 4 ಮರಿ ಫಾನ್, 1 ಕಪ್ಪು. ಮಗ ಆ್ಯಡ್ ಹಾಕಿದ್ದ: "ಪ್ಯೂರ್ ಲ್ಯಾಬ್ ಪಪ್ಪೀಸ್, ಡಬಲ್ ಬೋನ್, ಹೆವಿ ಹೆಡ್, 100% ಹೆಲ್ದಿ, ಫುಲ್ ವ್ಯಾಕ್ಸಿನೇಟೆಡ್, ವೆರಿ ಕಾಮ್, ಮಕ್ಕಳ ಜೊತೆ ಫ್ರೆಂಡ್ಲಿ, ರೆಡಿ ಟು ಗೋ". ಹಾಸನದಿಂದ ಒಬ್ರು ಬಂದು ನೋಡಿ, ಆ್ಯಡಲ್ಲಿರೋದೇ ಬೇರೆ ಇಲ್ಲಿರೋದೇ ಬೇರೆ ಅಂತ ಜಗಳ ಆಡ್ಕೊಂಡು ಹೋದ್ರು. ನನ್ನ ತಮ್ಮ ಹೇಳ್ತಾನೆ, ಫೋಟೋದಲ್ಲಿ ಏನು ಕಾಣುತ್ತೋ ಅಷ್ಟೇ ಬರಿ ಅಕ್ಕ ಅಂತ. ಅಷ್ಟೇ ಬರೆದ್ರೆ ಯಾರು ಫೋನ್ ಮಾಡ್ತಾರೆ? ಆ್ಯಡಿನ 5 ಫೋಟೋ ಕಳಿಸಿದೀನಿ, ಜೊತೆಗೆ ನಾದಿನಿ ಮನೆ ಬೆಕ್ಕಿನ ಮರಿ ಆ್ಯಡೂ ಇದೆ, ದಯವಿಟ್ಟು ನೋಡಿ ಹೇಳಿ.

ಉತ್ತರ:

ನಿಮ್ಮ ತಮ್ಮ ಹೇಳಿದ್ದು ಸರಿ ಮೇಡಂ. ಆದ್ರೆ ಅವರು ಒಂದು ಮಾತು ಬಿಟ್ಟಿದ್ದಾರೆ, ಫೋಟೋದಲ್ಲಿ ಏನು ಕಾಣ್ಬೇಕು ಅನ್ನೋದು ಫೋಟೋ ತೆಗೆಯೋರ ಕೈಯಲ್ಲೇ ಇದೆ. ಲಸಿಕೆ ಹಾಕ್ಸಿದೀವಿ ಅಂತ ಬರೀಬೇಕು ಅನ್ಸಿದ್ರೆ ಲಸಿಕೆ ಕಾರ್ಡಿನ ಫೋಟೋ ಹಾಕಿ, ಮರಿ ದಪ್ಪ ಇದೆ ಅಂತ ಬರೀಬೇಕು ಅನ್ಸಿದ್ರೆ ತೂಕದ ಮೇಲೆ ಕೂರಿಸಿ ಫೋಟೋ ತೆಗೀರಿ, ಆಮೇಲೆ ಬರೀರಿ. ಹಾಸನದಲ್ಲಿ ನನ್ನ ಕ್ಲಿನಿಕ್ಕಿಗೆ ಹೊಸ ಮರಿ ತಗೊಂಡು ಬರೋರಲ್ಲಿ ಸುಮಾರು ಜನ ಫೋನಲ್ಲಿ ಆ ಆ್ಯಡ್ ಇನ್ನೂ ಇಟ್ಕೊಂಡಿರ್ತಾರೆ, ಟೇಬಲ್ ಮೇಲೆ ಮರಿ ಇಟ್ಟು ಪಕ್ಕದಲ್ಲಿ ಫೋನ್ ಹಿಡಿದು "ಸಾರ್ ಇದು ಅದೇನಾ" ಅಂತ ಕೇಳ್ತಾರೆ. ಹಂಗಾಗಿ ಆ್ಯಡ್ ಓದೋದೂ ನನ್ನ ಕೆಲಸದ ಭಾಗ ಆಗೋಗಿದೆ.

ನಿಮ್ಮ ಫೋಟೋಗಳನ್ನ ಒಂದೊಂದಾಗಿ ನೋಡೋಣ, ಯಾಕಂದ್ರೆ ಜಗಳಕ್ಕೆ ಕಾರಣ ಅಲ್ಲೇ ಇದೆ.

ಮೊದಲನೇ ಫೋಟೋ, ಬಿದಿರು ಬುಟ್ಟಿಯಲ್ಲಿ 4 ಫಾನ್ ಮರಿ. ತುಂಬಾ ಮುದ್ದಾಗಿದೆ, ಆದ್ರೆ ಕಾಣೋದು ನಾಲ್ಕು ಮುಖ, ಎಂಟು ಕಿವಿ, ಅಷ್ಟೇ. ಕಾಲಿಲ್ಲ, ಬಾಲ ಇಲ್ಲ, ಬೆನ್ನಿನ ಗೆರೆ ಇಲ್ಲ. ಇದರ ಕೆಳಗೆ "ಪ್ಯೂರ್ ಲ್ಯಾಬ್" ಅಂತಿದೆ. ಜೋತು ಬಿದ್ದ ಕಿವಿ, ಫಾನ್ ಬಣ್ಣ, ಗುಂಡು ಮುಖ ನೋಡಿ ಲ್ಯಾಬ್ ಅಂದ್ಕೊಳ್ಳೋದು ಎಲ್ಲರೂ ಮಾಡೋ ತಪ್ಪು. ಆರು ವಾರದ ನಮ್ಮೂರ ಬೀದಿ ನಾಯಿ ಮರಿಗೂ ಕಿವಿ ಜೋತೇ ಬಿದ್ದಿರುತ್ತೆ, ಅದು ನೆಟ್ಟಗಾಗೋದು ಆಮೇಲೆ. ಜರ್ಮನ್ ಶೆಫರ್ಡ್ ಮರಿಗೂ ಅಷ್ಟೇ, ಕಿವಿ ಪೂರ್ತಿ ನಿಲ್ಲೋಕೆ ಸುಮಾರು 3ರಿಂದ 5 ತಿಂಗಳು ಬೇಕು, ಹಲ್ಲು ಬದಲಾಗೋ ಟೈಮಲ್ಲಿ ನಿಂತ ಕಿವಿ ಮತ್ತೆ ಬೀಳೋದೂ ಉಂಟು. ಈ ವಯಸ್ಸಿನ ಮುಖದ ಫೋಟೋ ನೋಡಿ ಜಾತಿ ಹೇಳೋದು ನನಗೂ ಆಗಲ್ಲ. ಹಂಗಂತ ನಿಮ್ಮ ಮರಿಗಳು ಲ್ಯಾಬ್ ಅಲ್ಲ ಅಂತ ಅಲ್ಲ, ಈ ಫೋಟೋ ಆ ಮಾತನ್ನ ಹೊರೋದಿಲ್ಲ ಅಷ್ಟೇ.

ಎರಡನೇ ಫೋಟೋದಲ್ಲಿ ಮಗ ಒಂದು ಮರಿನ ಕಂಕುಳಿಗೆ ಕೈ ಹಾಕಿ ಎತ್ತಿ ಹಿಡಿದಿದ್ದಾನೆ, ಹೊಟ್ಟೆ ಕ್ಯಾಮೆರಾ ಕಡೆಗಿದೆ. ನಿಮಗೆಲ್ಲ ಮರಿ ಮುಖ ಕಂಡಿರುತ್ತೆ, ನನಗೆ ಮೊದಲು ಕಂಡಿದ್ದು ಹೊಕ್ಕುಳು. ಜೂಮ್ ಮಾಡಿ ನೋಡಿ, ಹೊಕ್ಕುಳ ಜಾಗದಲ್ಲಿ ಕಾಫಿ ಹಣ್ಣಿನ ಗಾತ್ರದ ಒಂದು ಉಬ್ಬು ಇದೆ, ಕೆಳಗಿನ ಕಡೆ ಅದರ ನೆರಳೂ ಬಿದ್ದಿದೆ. ಬಹುಶಃ ಹೊಕ್ಕುಳ ಹರ್ನಿಯಾ, ಅಂದ್ರೆ ಹುಟ್ಟಿದ ಮೇಲೆ ಮುಚ್ಚಬೇಕಿದ್ದ ಜಾಗ ಪೂರ್ತಿ ಮುಚ್ಚದೇ ಒಳಗಿನ ಕೊಬ್ಬು ಸ್ವಲ್ಪ ಹೊರಗೆ ಬಂದಿರೋದು. ಸಣ್ಣದಾದ್ರೆ ಎಷ್ಟೋ ಸಲ ಮರಿ ಬೆಳೀತಾ ಬೆಳೀತಾ ತಾನೇ ಮುಚ್ಚಿಕೊಳ್ಳುತ್ತೆ, ಇಲ್ಲಾಂದ್ರೆ ಸಂತಾನಹರಣ ಆಪರೇಷನ್ ಮಾಡುವಾಗಲೇ ಹೊಲಿದುಬಿಡ್ತೀವಿ. ರಂಧ್ರ ದೊಡ್ಡದಿದ್ದು ಕರುಳು ಒಳಗೆ ನುಗ್ಗೋ ಹಂಗಿದ್ರೆ ಮಾತ್ರ ಕಾಯೋಹಂಗಿಲ್ಲ. ಒತ್ತಿದ್ರೆ ಒಳಗೆ ಹೋಗದೇ ಗಟ್ಟಿಯಾಗಿದೆ, ಮರಿಗೆ ನೋವಾಗ್ತಿದೆ, ವಾಂತಿ ಮಾಡ್ತಿದೆ ಅಂದ್ರೆ ಅದೇ ದಿನ ಡಾಕ್ಟರ್ ಹತ್ರ ಕರ್ಕೊಂಡು ಹೋಗಿ. ಹೆಂಗಿದ್ರೂ ಒಮ್ಮೆ ಮುಟ್ಟಿ ನೋಡಿಸಿ, ಫೋಟೋದಲ್ಲಿ ನಾನು ಹೇಳೋದು ಊಹೆ ಮಾತ್ರ.

ಆ್ಯಡ್ ವಿಷಯಕ್ಕೆ ಬಂದ್ರೆ, ಇಲ್ಲಿ ಎರಡು ತಪ್ಪು ಮಾಡೋರಿದ್ದಾರೆ. ಕೆಲವರು ಉಬ್ಬನ್ನ ಕಂಡೂ ಬರೆಯಲ್ಲ, ಆ ಫೋಟೋ ತೆಗೆದು ಬೇರೆ ಫೋಟೋ ಹಾಕ್ತಾರೆ. ಇನ್ನು ಕೆಲವರು "ಹರ್ನಿಯಾ ಇದೆ" ಅಂತ ತಾವೇ ಕಾಯಿಲೆ ಹೆಸರು ಬರೆದುಬಿಡ್ತಾರೆ. ಕಂಡಿದ್ದನ್ನ ಕಂಡ ಹಂಗೆ ಬರೀರಿ, "2ನೇ ಫೋಟೋದ ಮರಿಗೆ ಹೊಕ್ಕುಳ ಹತ್ರ ಸಣ್ಣ ಉಬ್ಬು ಇದೆ" ಅಂತ. ಡಾಕ್ಟರ್ ನೋಡಿದ ಮೇಲೆ ಅವರು ಬರ್ಕೊಟ್ಟ ಚೀಟಿ ಫೋಟೋ ಹಾಕಿ ಹೆಸರು ಬರೀಬಹುದು. ಈ ಒಂದು ಸಾಲಿನಿಂದ ಒಂದಿಬ್ರು ಗಿರಾಕಿ ಹಿಂದೆ ಸರೀಬಹುದು, ಹೌದು. ಆದ್ರೆ ಬಂದೋರು ಗೊತ್ತಿದ್ದೇ ಬಂದಿರ್ತಾರೆ, ಮನೆ ಬಾಗಿಲಲ್ಲಿ ಮುಖ ಕೆಡಿಸ್ಕೊಳ್ಳಲ್ಲ.

ಇದೇ ಫೋಟೋದಲ್ಲಿ ಹೊಟ್ಟೆ ಚೆನ್ನಾಗಿ ಗುಂಡಗಿದೆ. "ಹೆಲ್ದಿ" ಅನ್ನೋ ಮಾತು ಅಲ್ಲಿಂದ ಬಂದಿರ್ಬೇಕು. ಗುಂಡು ಹೊಟ್ಟೆ ಈಗಷ್ಟೇ ಹಾಲು ಕುಡಿದ ಮರಿಗೂ ಇರುತ್ತೆ, ಜಂತುಹುಳು ತುಂಬಿದ ಮರಿಗೂ ಇರುತ್ತೆ. ದುಂಡು ಹುಳು ಮರಿಗೆ ತಾಯಿ ಹೊಟ್ಟೆಯಲ್ಲಿದ್ದಾಗಲೇ ಬರುತ್ತೆ, ಹಾಲಿನಲ್ಲೂ ಬರುತ್ತೆ, ಅದಕ್ಕೇ 2 ವಾರದಿಂದಲೇ ಎರಡೆರಡು ವಾರಕ್ಕೊಮ್ಮೆ ಹುಳುವಿನ ಔಷಧಿ ಕೊಡಿ ಅನ್ನೋದು. ಫೋಟೋದಲ್ಲಿ ಎರಡೂ ಒಂದೇ ಥರ ಕಾಣುತ್ತೆ. ಪಾರ್ವೋ ಇನ್ನೂ ಮೋಸ. ವೈರಸ್ ಒಳಗೆ ಸೇರಿ ಮೂರು ದಿನದಿಂದ ವಾರದವರೆಗೂ ಮರಿ ಆಟ ಆಡ್ಕೊಂಡೇ ಇರುತ್ತೆ, ಆಮೇಲೆ ಒಂದು ಬೆಳಿಗ್ಗೆ ವಾಂತಿ ಭೇದಿ ಶುರು. ಭಾನುವಾರ ಫೋಟೋದಲ್ಲಿ ಕುಣೀತಿದ್ದ ಮರಿ ಮುಂದಿನ ಶುಕ್ರವಾರ ಡ್ರಿಪ್ ಮೇಲಿರುತ್ತೆ. ಮಾರಿದವರು ಸುಳ್ಳು ಹೇಳಿರಲ್ಲ, ಆದ್ರೆ "100%" ಅಂತ ಬರೆದಿರ್ತಾರಲ್ಲ, ಆ ಅಂಕಿನೇ ಅವರ ಕುತ್ತಿಗೆಗೆ ಬರುತ್ತೆ.

ಮೂರನೇ ಫೋಟೋ ಕಪ್ಪು ಮರಿದು, ರೆಡ್ ಆಕ್ಸೈಡ್ ನೆಲದ ಮೇಲೆ ನಿಂತಿದೆ. ನಿಮ್ಮ ಐದು ಫೋಟೋದಲ್ಲಿ ಇದೇ ಒಳ್ಳೆ ಫೋಟೋ ಅಂತೀನಿ, ನಾಲ್ಕು ಕಾಲು, ಬಾಲ, ಎದೆ ಎಲ್ಲಾ ಕಾಣುತ್ತೆ. ಬಲ ಮುಂಗಾಲಿನ ಬೆರಳುಗಳು ಬಿಳಿ, ಎದೆ ಮೇಲೆ ಒಂದು ಬಿಳಿ ಮಚ್ಚೆ. ಹಾಸನದವರ ಜಗಳಕ್ಕೆ ಕಾರಣ ಈ ಮರಿನೇ ಇರ್ಬೇಕು ಅನ್ಸುತ್ತೆ. ನಿಮಗೆ ಬೇಜಾರಾಗಬಹುದು, ಆದ್ರೂ ಹೇಳ್ಬೇಕು. ಅಪ್ಪ ಅಮ್ಮ ಇಬ್ರೂ ಫಾನ್ ಲ್ಯಾಬ್ ಆಗಿದ್ರೆ ಕಪ್ಪು ಮರಿ ಹುಟ್ಟೋದಿಲ್ಲ.

ಕಾರಣ ಹೇಳ್ತೀನಿ. ಕೂದಲಿಗೆ ಕಪ್ಪು ಬಣ್ಣ ಇಳಿಯೋಕೆ ಬಿಡೋ ಒಂದು ಜೀನ್ ಇದೆ, ಅದನ್ನ ಸ್ವಿಚ್ ಅಂದ್ಕೊಳ್ಳಿ. ಪ್ರತಿ ನಾಯಿಗೂ ಇದರ ಎರಡು ಪ್ರತಿ, ಒಂದು ಅಪ್ಪಂದು ಒಂದು ಅಮ್ಮಂದು. ಎರಡೂ ಆಫ್ ಆಗಿದ್ರೆ ಮಾತ್ರ ಲ್ಯಾಬ್ ಫಾನ್ ಆಗುತ್ತೆ, ಒಂದು ಆನ್ ಇದ್ರೂ ಸಾಕು ಕಪ್ಪು ಅಥವಾ ಚಾಕಲೇಟ್ ಆಗುತ್ತೆ. ಇಬ್ರೂ ಫಾನ್ ಅಂದ್ರೆ ಇಬ್ರ ಹತ್ರನೂ ಕೊಡೋಕೆ ಆಫ್ ಬಿಟ್ರೆ ಬೇರೆ ಇಲ್ಲ, ಮರಿಗಳೆಲ್ಲ ಫಾನ್ ಆಗ್ಲೇಬೇಕು. ಅಲ್ಲಿಗೆ ಕಪ್ಪು ಮರಿ ಅಪ್ಪ ಚಿಕ್ಕಮಗಳೂರಿನ ಆ ಫಾನ್ ಲ್ಯಾಬ್ ಅಲ್ಲ, ಬೇರೆ ಯಾರೋ. ಆ ಬೇರೆಯವನು ಕಪ್ಪು ನಾಯಿನೇ ಆಗಿರ್ಬೇಕು ಅಂತಾನೂ ಇಲ್ಲ. ನಮ್ಮ ಬೀದಿ ನಾಯಿಗಳ ಕೆಂದು ಬಣ್ಣ ಬರೋ ದಾರಿನೇ ಬೇರೆ, ಅವುಗಳಲ್ಲಿ ಈ ಸ್ವಿಚ್ ಸಾಮಾನ್ಯವಾಗಿ ಆನ್ ಇರುತ್ತೆ. ಲ್ಯಾಬ್ ಅಮ್ಮನ ಒಳಗೆ ಕಪ್ಪು ಬಣ್ಣ ಬಚ್ಚಿಟ್ಕೊಂಡಿರುತ್ತೆ, ಕೆಂದು ಅಪ್ಪನ ಸ್ವಿಚ್ ಸೇರಿದ ತಕ್ಷಣ ಮರಿ ಕಪ್ಪಾಗಿ ಹುಟ್ಟುತ್ತೆ. ತೋಟದ ಲೈನ್ ಮನೆ ಹತ್ರ ಓಡಾಡೋ ಕೆಂದು ನಾಯಿ ಮೇಲೆ ಯಾರಿಗೂ ಅನುಮಾನ ಬರಲ್ಲ, ಕಪ್ಪು ನಾಯಿನ ಹುಡುಕ್ತಾ ಇರ್ತಾರೆ.

"ಮೇಟಿಂಗ್ ನಾವೇ ಮುಂದೆ ನಿಂತು ಮಾಡಿಸಿದ್ವಿ" ಅಂತೀರಿ, ಅದೂ ನಿಜ ಇರುತ್ತೆ. ಹೆಣ್ಣು ನಾಯಿ ಹೀಟ್ ಸುಮಾರು ಮೂರು ವಾರ, ಅದರಲ್ಲಿ ಎಷ್ಟೋ ದಿನ ಗಂಡನ್ನ ಹತ್ತಿರ ಬಿಟ್ಕೊಳ್ಳುತ್ತೆ. ಚಿಕ್ಕಮಗಳೂರಿಂದ ವಾಪಸ್ ಕರ್ಕೊಂಡು ಬಂದ್ಮೇಲೆ ಕೆಲಸ ಮುಗೀತು ಅಂತ ಬಿಟ್ಟಿರ್ತೀರಿ, ಎರಡು ದಿನ ಬಿಟ್ಟು ರಾತ್ರಿ ಹೊತ್ತು ತೋಟದಲ್ಲಿ ಇನ್ನೊಂದು ನಾಯಿ ಸೇರಿದ್ರೆ ಒಂದೇ ಸೂಲಿನಲ್ಲಿ ಇಬ್ಬರು ಅಪ್ಪಂದಿರ ಮರಿ ಹುಟ್ಟುತ್ತವೆ. ನಾಯಿಗಳಲ್ಲಿ ಇದೇನು ಅಪರೂಪ ಅಲ್ಲ. ಹಂಗಾಗಿ ಉಳಿದ 4 ಫಾನ್ ಮರಿಗಳಿಗೆ ಚಿಕ್ಕಮಗಳೂರಿನ ಲ್ಯಾಬೇ ಅಪ್ಪ ಇರಬಹುದು. ಅದು ಫೋಟೋದಲ್ಲಿ ಗೊತ್ತಾಗಲ್ಲ. ಬಿಳಿ ಬೆರಳು, ಎದೆ ಮಚ್ಚೆ ಇದಕ್ಕೆ ಸಾಕ್ಷಿ ಅಂತ ಮಾತ್ರ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ, ಎದೆ ಮೇಲೆ ಸಣ್ಣ ಬಿಳಿ ಚುಕ್ಕೆ ಒಳ್ಳೆ ಲ್ಯಾಬಲ್ಲೂ ಬರುತ್ತೆ. ಇಲ್ಲಿ ಮಾತಾಡ್ತಿರೋದು ಕಪ್ಪು ಬಣ್ಣ.

ನೋಡಿ, ಆ್ಯಡಲ್ಲಿ ನೀವು ಬರೆದ ಮಾತನ್ನ ನಿಮ್ಮದೇ ಫೋಟೋ ಸುಳ್ಳು ಮಾಡ್ತಿದೆ. ಗೊತ್ತಿರೋರು ನಿಮ್ಮ ಮನೆವರೆಗೂ ಬರೋದೇ ಬೇಡ, 3ನೇ ಮತ್ತು 4ನೇ ಫೋಟೋ ಅಕ್ಕಪಕ್ಕ ಇಟ್ಟು, ಅಪ್ಪನೂ ಫಾನ್ ಅಂತ ಫೋನಲ್ಲಿ ಕೇಳ್ಕೊಂಡ್ರೆ ಸಾಕು.

ನಾಲ್ಕನೇ ಫೋಟೋ ಅಮ್ಮಂದು. ಜಗಲಿ ಮೇಲೆ ಮಲಗಿದೆ, ಮರಿಗಳು ಜೊತೆಗಿಲ್ಲ. ಅಮ್ಮ ಹಾಲುಣಿಸ್ತಾ ಇರೋ ಫೋಟೋ ಹಾಕಿದ್ರೆ "ಇದು ಈ ಮರಿಗಳ ಅಮ್ಮ" ಅನ್ನೋ ಮಾತಿಗೆ ಫೋಟೋನೇ ನಿಲ್ಲುತ್ತೆ. ಐದನೇದು ಅಪ್ಪಂದು ಅಂತ ಹಾಕಿರೋದು, ಹಿಂದೆ ಪೈನ್ ಮರ, ಹಿಮ ಇದೆ! ಚಿಕ್ಕಮಗಳೂರಲ್ಲಿ ಹಿಮ ಬಿದ್ದಿದ್ದು ನನಗಂತೂ ಗೊತ್ತಿಲ್ಲ ಮೇಡಂ. ಮಗನಿಗೆ ಬೈಬೇಡಿ, ಅಪ್ಪನ ಫೋಟೋ ಸಿಗದಾಗ ನೆಟ್‌ನಿಂದ ಇಳಿಸಿ ಹಾಕೋದು ಎಲ್ಲಾ ಕಡೆ ನಡೀತಿದೆ. ಆದ್ರೆ ಇವತ್ತೇ ತೆಗೆಸಿ, ಬಾಕಿ ನಾಲ್ಕು ಫೋಟೋ ನಿಜ ಇದ್ರೂ ಈ ಒಂದರಿಂದ ಅವೂ ಸುಳ್ಳಾಗಿ ಕಾಣ್ತವೆ.

ಇನ್ನು ಆ್ಯಡಿನ ಪದಗಳು. ಡಬಲ್ ಬೋನ್ ಅಂತ ಒಂದು ಇಲ್ಲವೇ ಇಲ್ಲ, ಎಲ್ಲಾ ನಾಯಿಗೂ ಎಲುಬು ಹೆಚ್ಚುಕಮ್ಮಿ ಒಂದೇ ಲೆಕ್ಕ. ಮಾರೋರು ಕಾಲು ದಪ್ಪ ಅನ್ನೋದಕ್ಕೆ ಹಂಗೆ ಹೇಳ್ತಾರೆ. ಡಬಲ್ ಕೋಟ್ ಅನ್ನೋದು ನಿಜವಾಗ್ಲೂ ಇದೆ, ಲ್ಯಾಬಿಗೆ ಮೇಲಿನ ಒರಟು ಕೂದಲ ಕೆಳಗೆ ಮೆತ್ತನೆ ಕೂದಲಿನ ಇನ್ನೊಂದು ಪದರ ಇರುತ್ತೆ, ಆ ಮಾತು ಈ ಮಾತು ಸೇರಿ ಡಬಲ್ ಬೋನ್ ಹುಟ್ಕೊಂಡಿತೋ ಏನೋ. ಹೆವಿ ಹೆಡ್ ಅನ್ನೋದು ಹೆಚ್ಚಿನ ಸಲ ಫೋನಿನ ಕರಾಮತ್ತು. ಮೊಬೈಲ್ ಕ್ಯಾಮೆರಾನ ಮರಿ ಮೂಗಿನ ಹತ್ರ ಹಿಡಿದ್ರೆ ಹತ್ರ ಇರೋದು ದೊಡ್ಡದಾಗಿ, ದೂರ ಇರೋದು ಚಿಕ್ಕದಾಗಿ ಬರುತ್ತೆ, ತಲೆ ಕುಂಬಳಕಾಯಿ ಆಗಿ ಹಿಂಗಾಲು ಮಾಯ ಆಗುತ್ತೆ. ಗಿರಾಕಿ ಮನೆಗೆ ಬಂದಾಗ "ಫೋಟೋದಲ್ಲಿ ಇನ್ನೂ ದೊಡ್ಡದಿತ್ತಲ್ಲ" ಅನ್ನೋದು ಅದಕ್ಕೇ.

"ಫುಲ್ ವ್ಯಾಕ್ಸಿನೇಟೆಡ್" ಅಂತೂ 40 ದಿನದ ಮರಿಗೆ ಸಾಧ್ಯವೇ ಇಲ್ಲ. ಮೊದಲ ಲಸಿಕೆ ಹಾಕೋದೇ 6ರಿಂದ 8 ವಾರಕ್ಕೆ, ಅಲ್ಲಿಂದ 3-4 ವಾರಕ್ಕೊಮ್ಮೆ ಬೂಸ್ಟರ್ ಹಾಕ್ತಾ 16 ವಾರದವರೆಗೂ ಹೋಗ್ಬೇಕು, ರೇಬಿಸ್ ಲಸಿಕೆ ಸುಮಾರು 3 ತಿಂಗಳಿಗೆ. ಇಷ್ಟು ಸಲ ಯಾಕೆ ಅಂದ್ರೆ ತಾಯಿ ಹಾಲಿನಿಂದ ಬಂದ ರಕ್ಷಣೆ ಮರಿ ರಕ್ತದಲ್ಲಿ ಇರೋವರೆಗೆ ಲಸಿಕೆನ ಅದು ಕೆಲಸ ಮಾಡೋಕೆ ಬಿಡಲ್ಲ, ಅದು ಯಾವ ಮರಿಗೆ ಯಾವಾಗ ಇಳಿಯುತ್ತೆ ಅಂತ ಹೊರಗಿಂದ ಗೊತ್ತಾಗಲ್ಲ. "ಫುಲ್" ಅಂತ ನಂಬಿದೋರು ಮರಿನ ಮರುದಿನವೇ ಬೀದಿಗೆ ಕರ್ಕೊಂಡು ಹೋಗ್ತಾರೆ, ಪಾರ್ವೋ ಹತ್ತೋದು ಹಂಗೆ. ಒಂದು ಲಸಿಕೆ ಆಗಿದ್ರೆ ಕಾರ್ಡಿನ ಆ ಪುಟದ ಫೋಟೋ ಹಾಕಿ. ಲಸಿಕೆ ಸೀಸೆ ಮೇಲಿನ ಸ್ಟಿಕ್ಕರ್ ಕಿತ್ತು ಕಾರ್ಡಿಗೆ ಅಂಟಿಸಿರ್ತೀವಿ, ಅದರಲ್ಲಿ ಬ್ಯಾಚ್ ನಂಬರ್ ಇರುತ್ತೆ, ಪಕ್ಕದಲ್ಲಿ ತಾರೀಖು, ಸಹಿ. ಅದು ಕಾಣೋ ಹಂಗೆ ತೆಗೀರಿ, ನಿಮ್ಮ ಫೋನ್ ನಂಬರ್ ವಿಳಾಸ ಇದ್ರೆ ಬೆರಳಲ್ಲಿ ಮುಚ್ಚಿ. ಆ್ಯಡಲ್ಲಿ "ಮೊದಲ ಲಸಿಕೆ ಆಗಿದೆ, ಕಾರ್ಡ್ ಫೋಟೋ ಇದೆ" ಅಷ್ಟೇ ಸಾಕು.

"ವೆರಿ ಕಾಮ್" ಅನ್ನೋದಕ್ಕೆ ಸಾಕ್ಷಿ ಮರಿ ತೊಡೆ ಮೇಲೆ ಮಲಗಿರೋದು ತಾನೆ? ಈ ವಯಸ್ಸಿನ ಮರಿ ದಿನದ ಹೆಚ್ಚು ಹೊತ್ತು ನಿದ್ದೇಲೇ ಇರುತ್ತೆ. ಸ್ವಭಾವ ರೂಪ ಆಗೋ ಮುಖ್ಯ ಕಾಲ ಸುಮಾರು 3ರಿಂದ 14 ವಾರದವರೆಗೆ, ಅದರ ಅರ್ಧ ನಿಮ್ಮ ಮನೇಲಿ, ಇನ್ನರ್ಧ ತಗೊಂಡೋರ ಮನೇಲಿ. ಮಕ್ಕಳ ಜೊತೆ ಹೆಂಗಿರುತ್ತೆ ಅಂತ ನೀವು ಮುಂಚೆನೇ ಹೇಳೋಕೆ ಬರಲ್ಲ. ಹಂಗೆ ಮಲಗಿರೋ ಫೋಟೋ ಹಾಕಿದ್ರೆ "ಮಗನ ತೊಡೆ ಮೇಲೆ ಮಲಗಿದೆ" ಅಂತ ಬರೀರಿ, ಅದು ಕಾಣುತ್ತೆ.

ಈಗ ನಿಮ್ಮ ಮುಂದೆ ಮೂರು ದಾರಿ ಇದೆ. ಒಂದು, ಪೂರ್ತಿ ಫೋಟೋದಲ್ಲಿರೋದೇ ಬರೆದು ಉಳಿದಿದ್ದನ್ನ ಫೋನಲ್ಲಿ ಕೇಳಿದ್ರೆ ಹೇಳೋದು. ಫೋನ್ ಕಮ್ಮಿ ಬರಬಹುದು, ಬಂದ ಫೋನುಗಳು ಉದ್ದ ಆಗ್ತವೆ, ಎಲ್ಲರೂ ಅದೇ ನಾಲ್ಕು ಪ್ರಶ್ನೆ ಕೇಳ್ತಾರೆ, ಸ್ವಲ್ಪ ತಲೆನೋವು. ಎರಡು, ಫೋಟೋದ್ದು ಒಂದು ಕಡೆ ಬರೆದು ಕೆಳಗೆ ಬೇರೆ ಸಾಲಲ್ಲಿ "ಇದು ನಮ್ಮ ಮಾತು, ಕಾಗದ ಇಲ್ಲ" ಅಂತ ಮನೆ ವಿಷಯ ಸೇರಿಸೋದು. ಇದು ನಡೆಯುತ್ತೆ, ಆದ್ರೆ ಓದೋರು ಎರಡನ್ನೂ ಸೇರಿಸಿಕೊಂಡು ಗ್ಯಾರಂಟಿ ಅಂದ್ಕೊಳ್ಳೋ ಅಪಾಯ ಇದೆ, ಅದೂ ಆ್ಯಡ್ ಫಾರ್ವರ್ಡ್ ಆಗ್ತಾ ಆಗ್ತಾ ಕೆಳಗಿನ ಸಾಲು ಕಟ್ ಆಗಿ "ಲ್ಯಾಬ್" ಅನ್ನೋದಷ್ಟೇ ಉಳಿಯುತ್ತೆ. ಮೂರು, ಜಾತಿ ಸಾಬೀತು ಮಾಡೋದು. ಕೆಸಿಐ, ಅಂದ್ರೆ ಕೆನಲ್ ಕ್ಲಬ್ ಆಫ್ ಇಂಡಿಯಾ ಕೊಡೋ ಜಾತಿ ಕಾಗದ ಬೇಕಂದ್ರೆ ಅಪ್ಪ ಅಮ್ಮ ಇಬ್ಬರದ್ದೂ ಮೊದಲೇ ನೋಂದಣಿ ಆಗಿರ್ಬೇಕು, ನಿಮ್ಮ ಕೇಸಲ್ಲಿ ಒಬ್ಬ ಅಪ್ಪ ಯಾರು ಅಂತಾನೇ ಗೊತ್ತಿಲ್ಲ. ಕೆನ್ನೆ ಒಳಗಿಂದ ಸ್ವಾಬ್ ತೆಗೆದು ಡಿಎನ್‌ಎ ಪರೀಕ್ಷೆ ಮಾಡಿಸಬಹುದು, 5 ಮರಿಗೆ, ಅಪ್ಪನಿಗೆ, ಅಮ್ಮನಿಗೆ ಎಲ್ಲಾ ಮಾಡಿಸೋ ಖರ್ಚು ನೋಡಿದ್ರೆ ಮನೆ ಮರಿಗೆ ಅದು ಬೇಕಾ ಅನ್ಸುತ್ತೆ. ನನ್ನನ್ನ ಕೇಳಿದ್ರೆ ಮೊದಲನೇ ದಾರಿ, ಆದ್ರೆ ಫೋಟೋ ಹೊಸದಾಗಿ ತೆಗೆದು.

ಬೆಳಿಗ್ಗೆ ಬಿಸಿಲು ಏರೋ ಮುಂಚೆ, ಜಗಲಿ ನೆರಳಲ್ಲಿ ತೆಗೀರಿ. ಸಂಜೆ ಬಲ್ಬ್ ಬೆಳಕಲ್ಲಿ ಕೆನೆ ಬಣ್ಣದ ಮರಿ ಗೋಲ್ಡನ್ ಆಗಿ ಬರುತ್ತೆ, ಬಣ್ಣದ ಮೇಲೇ ಜಗಳ ಆಗಿದ್ದು ನಾನು ನೋಡಿದೀನಿ. ಫಿಲ್ಟರ್, ಬ್ಯೂಟಿ ಮೋಡ್ ಆಫ್. ಫೋನನ್ನ ಮರಿ ಕಣ್ಣಿನ ಮಟ್ಟಕ್ಕೆ ಇಳಿಸಿ, ನಾಲ್ಕೈದು ಅಡಿ ದೂರ ಕೂತು, 2x ಜೂಮ್ ಹಾಕಿ. ಕಪ್ಪು ಮರಿನ ಬಿಳಿ ಬೆಡ್‌ಶೀಟ್ ಮೇಲೆ ನಿಲ್ಲಿಸ್ಬೇಡಿ, ಫೋನ್ ಬಿಳಿ ನೋಡಿ ಬೆಳಕು ಕಮ್ಮಿ ಮಾಡಿ ಮರಿ ಬರೀ ಕಪ್ಪು ಮುದ್ದೆ ಆಗುತ್ತೆ, ಸಿಮೆಂಟ್ ನೆಲ ವಾಸಿ. ಪ್ರತಿ ಮರಿಗೂ ಪಕ್ಕದಿಂದ ಪೂರ್ತಿ ಮೈ ಕಾಣೋ ಹಂಗೆ ನಿಂತ ಫೋಟೋ ಒಂದು, ಎದುರಿಂದ ಒಂದು, ಹೊಟ್ಟೆದು ಒಂದು. ಹೊಟ್ಟೆ ಫೋಟೋದಲ್ಲೇ ಗಂಡೋ ಹೆಣ್ಣೋ ಅಂತಲೂ ಕಾಣುತ್ತೆ, ಹೊಕ್ಕುಳೂ ಕಾಣುತ್ತೆ. ಕಾಫಿ ತೂಗೋ ಎಲೆಕ್ಟ್ರಾನಿಕ್ ತೂಕ ಮನೇಲಿದ್ದೇ ಇರುತ್ತಲ್ಲ, ಅದರ ಮೇಲೆ ಬುಟ್ಟಿ ಇಟ್ಟು ಝೀರೋ ಮಾಡಿ ಮರಿ ಕೂರಿಸಿ, ಅಂಕಿ ಕಾಣೋ ಹಂಗೆ ಒಂದು. ಆಗ "ಹೆವಿ" ಅನ್ನೋ ಪದವೇ ಬೇಡ, ಇಷ್ಟು ಕೆಜಿ ಅಂತ ಕಣ್ಣಿಗೇ ಕಾಣುತ್ತೆ. ಮರಿಗಳು ಒಂದೇ ಥರ ಇದ್ರೆ ಕುತ್ತಿಗೆಗೆ ಬೇರೆ ಬೇರೆ ಬಣ್ಣದ ಉಲ್ಲನ್ ದಾರ ಸಡಿಲವಾಗಿ ಕಟ್ಟಿ, ಇಲ್ಲಾಂದ್ರೆ ಯಾವ ಫೋಟೋ ಯಾವ ಮರಿದು ಅಂತ ನಿಮಗೇ ಗೊತ್ತಾಗಲ್ಲ. ಫೋಟೋ ಮುಗಿದ ತಕ್ಷಣ ದಾರ ಬಿಚ್ಚಿ.

ಆಮೇಲೆ ಆ್ಯಡ್ ಹಿಂಗೆ ಬರೀಬಹುದು, ಅಂಕಿ ನಿಮ್ಮ ತೂಕ ನೋಡಿ ತುಂಬ್ಕೊಳ್ಳಿ:

"ಮೂಡಿಗೆರೆ ಹತ್ರ ತೋಟದ ಮನೇಲಿ ಹುಟ್ಟಿದ 5 ನಾಯಿ ಮರಿ. ಫೋಟೋ ತೆಗೆದ ತಾರೀಖು ಪ್ರತಿ ಫೋಟೋ ಕೆಳಗೆ ಇದೆ. ನಾಲ್ಕು ಮರಿ ಫಾನ್, ಗಿಡ್ಡ ಕೂದಲು, ಕಿವಿ ಈಗ ಜೋತು ಬಿದ್ದಿವೆ. ಕೆಂಪು ದಾರದ ಮರಿಗೆ ಹೊಕ್ಕುಳ ಹತ್ರ ಸಣ್ಣ ಉಬ್ಬು ಇದೆ, ಹೊಟ್ಟೆ ಫೋಟೋ ನೋಡಿ. ಒಂದು ಮರಿ ಕಪ್ಪು, ಬಲ ಮುಂಗಾಲಿನ ಬೆರಳು ಬಿಳಿ, ಎದೆ ಮೇಲೆ ಬಿಳಿ ಮಚ್ಚೆ. ಹಾಲುಣಿಸ್ತಿರೋ ಫೋಟೋದಲ್ಲಿರೋದು ಅಮ್ಮ, ಫಾನ್ ಬಣ್ಣ. ಅಪ್ಪನ ಫೋಟೋ ಇಲ್ಲ. ತೂಕ ಫೋಟೋದಲ್ಲಿದೆ. ಲಸಿಕೆ ಕಾರ್ಡಿನ ಫೋಟೋ ಹಾಕಿದೀವಿ. ಜಾತಿ ಕಾಗದ ಇಲ್ಲ. ಮನೆಗೆ ಬಂದು ನೋಡಬಹುದು."

ಇದರಲ್ಲಿ ಲ್ಯಾಬ್ ಅನ್ನೋ ಪದವೇ ಇಲ್ಲ ಅಂತ ನಿಮ್ಮ ಮಗ ಕುಣೀತಾನೆ, ಗೊತ್ತು. ಅಮ್ಮನ ಫೋಟೋ ನೋಡಿದ ಯಾರಿಗಾದ್ರೂ ಲ್ಯಾಬ್ ಅಂತ ಅನ್ಸುತ್ತೆ, ಅವರೇ ಫೋನ್ ಮಾಡಿ ಕೇಳ್ತಾರೆ. ಆಗ "ಅಮ್ಮ ಲ್ಯಾಬ್ ಅಂತ ತಂದಿದ್ವಿ, ಚಿಕ್ಕಮಗಳೂರಲ್ಲಿ ಲ್ಯಾಬ್ ಜೊತೆ ಮೇಟಿಂಗ್ ಮಾಡಿಸಿದ್ವಿ, ಕಪ್ಪು ಮರಿ ಅಪ್ಪ ಬೇರೆ ಇರ್ಬೇಕು" ಅಂತ ನೇರ ಹೇಳಿ. ರೇಟೂ ಅದಕ್ಕೆ ತಕ್ಕ ಹಂಗೆ ಇರಲಿ, ಕಾಗದ ಇಲ್ಲದ ಮರಿಗೆ ಕಾಗದದ ಮರಿ ರೇಟ್ ಕೇಳೋದ್ರಿಂದಲೇ ಅರ್ಧ ಜಗಳ. ಕಪ್ಪು ಮರಿ ಬಗ್ಗೆ ಬೇಜಾರೇ ಬೇಡ, ಮಲೆನಾಡಿನ ಮಳೆಗೆ ಚಳಿಗೆ ಗಿಡ್ಡ ಕೂದಲಿನ ಕ್ರಾಸ್ ನಾಯಿ ತೋಟಕ್ಕೆ ಚೆನ್ನಾಗೇ ಹೊಂದ್ಕೊಳ್ಳುತ್ತೆ, ಅಂಥ ನಾಯಿನೇ ಹುಡುಕೋರೂ ಇದ್ದಾರೆ. ಆದ್ರೆ ಇದನ್ನ ಆ್ಯಡಲ್ಲಿ ಬರೀಬೇಡಿ, ಫೋಟೋದಲ್ಲಿ ಕಾಣಲ್ಲ!

ನಾದಿನಿಯವರ ಬೆಕ್ಕಿನ ಮರಿ. "ಬ್ಲೂ ಐಸ್ ಪರ್ಷಿಯನ್ ಫೀಮೇಲ್, ಪಂಚ್ ಫೇಸ್" ಅಂತ ಹಾಕಿದ್ದಾರೆ, ಫೋಟೋದಲ್ಲಿರೋದು ಕಿತ್ತಳೆ ಪಟ್ಟೆ, ಸ್ವಲ್ಪ ಉದ್ದ ಕೂದಲು, ನೀಲಿ ಕಣ್ಣು, ವಯಸ್ಸು ಒಂದು ತಿಂಗಳು ಅಂತೆ. ಈ ವಯಸ್ಸಲ್ಲಿ ಎಲ್ಲಾ ಬೆಕ್ಕಿನ ಮರಿಗೂ ಕಣ್ಣು ನೀಲಿನೇ. ಬಣ್ಣದ ಕಣ ಇನ್ನೂ ತುಂಬಿರಲ್ಲ, 6-7 ವಾರದಿಂದ ಬದಲಾಗೋಕೆ ಶುರು ಆಗಿ ಸುಮಾರು 3 ತಿಂಗಳ ಹೊತ್ತಿಗೆ ಹಳದಿನೋ ಹಸಿರೋ ತಾಮ್ರದ ಬಣ್ಣನೋ ಗೊತ್ತಾಗುತ್ತೆ. "ಈಗ ಕಣ್ಣು ನೀಲಿ ಕಾಣುತ್ತೆ, ಒಂದು ತಿಂಗಳ ಮರಿ" ಅಂತ ಬರೆದ್ರೆ ಸರಿ, "ಬ್ಲೂ ಐಸ್" ಅಂತ ರೇಟ್ ಏರಿಸಿದ್ರೆ ಎರಡು ತಿಂಗಳಲ್ಲಿ ಫೋನ್ ಬರುತ್ತೆ. ಪಂಚ್ ಫೇಸ್ ಅಂದ್ರೆ ಮೂಗು ಕಣ್ಣಿನ ಮಟ್ಟಕ್ಕೆ ಒಳಗೆ ತಳ್ಳಿದ ಹಂಗಿರೋದು, ಅದು ಪಕ್ಕದಿಂದ ತೆಗೆದ ಫೋಟೋದಲ್ಲಿ ಮಾತ್ರ ತಿಳಿಯುತ್ತೆ, ನಿಮ್ಮದು ಎದುರಿಂದ ತೆಗೆದಿರೋದು. ಹೆಣ್ಣು ಅನ್ನೋದೂ ಒಮ್ಮೆ ನೋಡಿ, ಪೂರ್ತಿ ಕಿತ್ತಳೆ ಬೆಕ್ಕುಗಳಲ್ಲಿ ಗಂಡೇ ಜಾಸ್ತಿ. ಬಾಲ ಎತ್ತಿ ಫೋಟೋ ತೆಗೀರಿ, ಎರಡು ಗುರುತಿನ ನಡುವೆ ಅಂತರ ಜಾಸ್ತಿ ಇದ್ದು ಎರಡೂ ಚುಕ್ಕೆ ಥರ ಇದ್ರೆ ಗಂಡು, ಹತ್ತಿರ ಹತ್ತಿರ ಇದ್ದು ಕೆಳಗಿನದು ಸಣ್ಣ ಗೆರೆ ಥರ ಇದ್ರೆ ಹೆಣ್ಣು. ಒಂದು ತಿಂಗಳ ಮರಿ ಇನ್ನೂ ತಾಯಿ ಹತ್ರ ಇರ್ಬೇಕು, ಅದನ್ನ ಈಗಲೇ ಕೊಡ್ಬೇಡಿ ಅಂತಲೂ ಹೇಳಿ.

ನಿಮ್ಮ ನಾಯಿ ಮರಿ ಆ್ಯಡಲ್ಲಿ "ರೆಡಿ ಟು ಗೋ" ಅಂತ ಇದೆಯಲ್ಲ, ಅದನ್ನೂ ತೆಗೀರಿ. 2017ರ ನಾಯಿ ತಳಿ ಸಾಕಣೆ ಮತ್ತು ಮಾರಾಟದ ನಿಯಮದ ಪ್ರಕಾರ 8 ವಾರ ತುಂಬದ ಮರಿ ಮಾರೋ ಹಂಗಿಲ್ಲ, ಅಂದ್ರೆ 56 ದಿನ, ನಿಮಗೆ ಇನ್ನೂ 16 ದಿನ ಇದೆ. ಪೇಟೆಲಿ 35-40 ದಿನಕ್ಕೇ ಕೊಟ್ಟುಬಿಡ್ತಾರೆ, ಚಿಕ್ಕದಿದ್ದಷ್ಟು ಮುದ್ದು ಕಾಣುತ್ತೆ ಅಂತ. ಆ ಎರಡು ವಾರ ತಾಯಿ, ಒಡಹುಟ್ಟಿದ ಮರಿಗಳ ಜೊತೆ ಆಡ್ಕೊಂಡೇ ಎಷ್ಟು ಗಟ್ಟಿಯಾಗಿ ಕಚ್ಚಬೇಕು ಅಂತ ಕಲಿಯೋದು, ಬೇಗ ಬಿಡಿಸಿದ ಮರಿಗಳು ಕೈ ಕಚ್ಚುತ್ತೆ ಅಂತ ನನ್ನ ಹತ್ರ ಬರ್ತಾನೇ ಇರ್ತವೆ. ಇದೇ ನಿಯಮದಲ್ಲಿ ಮಾರೋಕೆ ಅಂತ ಮರಿ ಮಾಡಿಸೋರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಲಿ ನೋಂದಾಯಿಸ್ಕೋಬೇಕು ಅಂತಲೂ ಇದೆ, ಮುಂದೆ ಮತ್ತೆ ಮೇಟಿಂಗ್ ಮಾಡಿಸೋ ಯೋಚನೆ ಇದ್ರೆ ಪಶು ಆಸ್ಪತ್ರೆಲಿ ವಿಚಾರಿಸಿ. ಆ್ಯಡಲ್ಲಿ 56ನೇ ದಿನದ ತಾರೀಖು ಹಾಕಿ "ಆಮೇಲೆ ಕೊಡೋದು" ಅಂತ ಬರೀರಿ.

ಅಲ್ಲಿವರೆಗೆ ಇವತ್ತಿನ ಫೋಟೋ ಹಳೇದಾಗಿರುತ್ತೆ. ಎರಡು ವಾರದಲ್ಲಿ ಮರಿ ಗಾತ್ರ, ತೂಕ, ಕಿವಿ ಎಲ್ಲಾ ಬದಲಾಗುತ್ತೆ. ವಾರಕ್ಕೊಮ್ಮೆ ಹೊಸ ಫೋಟೋ, ಹೊಸ ತೂಕ ಹಾಕಿ ಹಳೇದು ತೆಗೀರಿ, ಯಾವ ಮರಿ ಬುಕ್ ಆಯ್ತೋ ಅದರ ಫೋಟೋನೂ ಅದರ ಸಾಲೂ ಅವತ್ತೇ ತೆಗೀರಿ. ಕೆಂಪು ದಾರದ ಮರಿನ ಮಾತ್ರ ಈ ವಾರವೇ ಡಾಕ್ಟರ್‌ಗೆ ತೋರಿಸಿ, ಅವರು ಬರ್ಕೊಟ್ಟ ಚೀಟಿ ಮರಿ ಜೊತೆಗೇ ಹೋಗ್ಲಿ.